‘ಭಾಗ 23’ ಅಂತ ಯಾರೂ ಹುಡುಕುವುದಿಲ್ಲ

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು, ನಿವೃತ್ತ ಶಿಕ್ಷಕಿ. ಒಂದೂವರೆ ವರ್ಷದಿಂದ ಯೂಟ್ಯೂಬ್‌ಗೆ ಅಡುಗೆ ವಿಡಿಯೊ ಹಾಕುತ್ತಿದ್ದೇನೆ. 46 ಆಗಿವೆ, ಒಂದೂ 70 ವೀಕ್ಷಣೆ ದಾಟಿಲ್ಲ. ಯೂಟ್ಯೂಬ್‌ನವರೇ ನನ್ನ ಚಾನೆಲನ್ನು ಒಳಗೊಳಗೆ ತಡೆಹಿಡಿದಿದ್ದಾರೆ ಅಂತಾನೆ ಮಗ. ಪರಿಚಯದ ಹುಡುಗನೊಬ್ಬ ದುಡ್ಡು ಕೊಟ್ಟರೆ ಸಾವಿರ ಸಬ್‌ಸ್ಕ್ರೈಬರ್ ಕೊಡಿಸುತ್ತೇನೆ ಅಂದಿದ್ದಾನೆ. ಟೈಟಲ್ ಬದಲಿಸಿ ಅಂತ ಕೆಲವರು ಹೇಳುತ್ತಾರೆ, ಹಾಗೆ ಮಾಡಿದರೆ ಇರುವ ವೀಕ್ಷಣೆಯೂ ಹೋದೀತೆಂಬ ಭಯ. ಟೈಟಲ್ ಕನ್ನಡದಲ್ಲಿರಬೇಕೋ ಇಂಗ್ಲಿಷ್ ಅಕ್ಷರದಲ್ಲೋ? ಕೊನೆಯ ಹತ್ತು ಟೈಟಲ್ ಬರೆದು ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೇಡಂ, ಭಯದ ಮಾತನ್ನು ಮೊದಲು ಮುಗಿಸಿಬಿಡೋಣ. ಟೈಟಲ್ ಎಷ್ಟು ಸಲ ಬದಲಿಸಿದರೂ ವಿಡಿಯೊದ ವಿಳಾಸ ಬದಲಾಗುವುದಿಲ್ಲ. ವೀಕ್ಷಣೆ, ಲೈಕು, ಕಮೆಂಟು ಎಲ್ಲ ಇದ್ದಲ್ಲೇ ಇರುತ್ತವೆ. ಆರು ತಿಂಗಳ ಹಿಂದೆ ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಇವತ್ತು ಒತ್ತಿದರೂ ಅದೇ ವಿಡಿಯೊ ತೆರೆಯುತ್ತದೆ.

ಆ ಹುಡುಗನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡು ಕೊಟ್ಟು ಸಬ್‌ಸ್ಕ್ರೈಬರ್ ತರಿಸುವುದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ಗೊತ್ತಾದರೆ ಎಣಿಕೆಯಿಂದ ತೆಗೆಯುತ್ತಾರೆ, ಚಾನೆಲ್‌ಗೇ ಕುತ್ತು ಬರಬಹುದು. ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಇದ್ದರಷ್ಟೇ ಸಾಲದು, ಶಾರ್ಟ್ಸ್ ಬಿಟ್ಟು ಮಾಮೂಲಿ ವಿಡಿಯೊ ಹಾಕುವವರಿಗೆ 12 ತಿಂಗಳೊಳಗೆ 4,000 ಗಂಟೆ ವೀಕ್ಷಣೆಯೂ ಆಗಬೇಕು. ಕೊಂಡು ತಂದವರು ನಿಮ್ಮ ಸಾರು ಕುದಿಯುವುದನ್ನು ಕೂತು ನೋಡುವುದಿಲ್ಲ.

ತಡೆಹಿಡಿದಿದ್ದಾರೆ ಅನ್ನುವ ಅನುಮಾನ ನನ್ನ ಹತ್ತಿರ ಬರುವ ಮುಕ್ಕಾಲು ಪಾಲು ಜನಕ್ಕಿದೆ. ಹನ್ನೆರಡು ವರ್ಷ ಹಾಸನದಲ್ಲಿ ಮದುವೆ ವಿಡಿಯೊ ಮಾಡಿ, ಈಗ ಸಣ್ಣಪುಟ್ಟ ಚಾನೆಲ್‌ಗಳನ್ನು ನೋಡಿಕೊಳ್ಳುತ್ತಿರುವವನು ನಾನು. ನಿಯಮ ಮುರಿಯದ ಅಡುಗೆ ಚಾನೆಲ್ಲೊಂದನ್ನು ಹಾಗೆ ಗುಟ್ಟಾಗಿ ಕಟ್ಟಿಹಾಕಿದ್ದನ್ನು ನಾನು ಕಂಡಿಲ್ಲ. ಈ ವಿಡಿಯೊ ಯಾರಿಗೆ ಬೇಕಾದದ್ದು ಎಂಬ ಸುಳಿವೇ ಯೂಟ್ಯೂಬ್‌ಗೆ ಸಿಕ್ಕಿರದ ಚಾನೆಲ್‌ಗಳನ್ನು ಮಾತ್ರ ದಿನಾ ನೋಡುತ್ತೇನೆ. ನಿಮ್ಮ ಹತ್ತು ಟೈಟಲ್ ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತರು. ಹೆಸರು ಬೇಡ, ಬೀದಿಯಲ್ಲಿ ಎಲ್ಲರೂ ಅವರನ್ನು ರಾಯರು ಅಂತಲೇ ಕರೆಯುವುದು. ಅವರ ಕಥೆಯಲ್ಲಿ ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಇದೆ.

ರಾಯರು ಸಾಲಗಾಮೆ ರಸ್ತೆಯ ನನ್ನ ಕೋಣೆಗೆ ಬಂದದ್ದು ಕಂಕುಳಲ್ಲಿ ಒಂದು ಉದ್ದನೆಯ ಲೆಡ್ಜರ್ ಇಟ್ಟುಕೊಂಡು. ಮನೆಯವರಿಗೆ ಮಂಡಿನೋವು ಬಂದು ಒಲೆ ಮುಂದೆ ನಿಲ್ಲಲಾಗದೆ ಹೋದಾಗ, ಅರವತ್ತು ದಾಟಿದ ಮೇಲೆ ಅಡುಗೆ ಕಲಿತವರು ಅವರು. ಅವರ ವಿಡಿಯೊದಲ್ಲಿ ಆಕೆ ಕಾಣಿಸುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ: “ಈಗ ತಟ್ಟೆ ಮುಚ್ರೀ, ಕೈಯಾಡಿಸಬೇಡಿ.” ನನಗೆ ಆ ದನಿ ಬಹಳ ಇಷ್ಟವಾಯಿತು. ಚಿತ್ರ ಸ್ಪಷ್ಟ, ಬೆಳಕು ಚೆನ್ನ, ಹೇಳುವ ಕ್ರಮ ಅಚ್ಚುಕಟ್ಟು. ಆದರೆ 31 ವಿಡಿಯೊಗಳಲ್ಲಿ ಯಾವುದೂ ನೆಂಟರಿಷ್ಟರ ಆಚೆ ಹೋಗಿರಲಿಲ್ಲ.

ಲೆಡ್ಜರಿನಲ್ಲಿ ಒಂದೊಂದಕ್ಕೂ ಒಂದು ಸಾಲು. ಟೈಟಲ್ ಕಾಲಮ್ಮಿನಲ್ಲಿ ‘ಅಡುಗೆ ಭಾಗ 21 - ಮಧ್ಯಾಹ್ನದ ಊಟ’, ‘ಅಡುಗೆ ಭಾಗ 22 - ಸಂಜೆಯ ತಿಂಡಿ’, ‘ಅಡುಗೆ ಭಾಗ 23 - ಬೆಳಗಿನ ತಿಂಡಿ’. ಮೂವತ್ತೈದು ವರ್ಷ ವೋಚರಿಗೆ ನಂಬರ್ ಹಾಕಿದ ಕೈ, ಇಲ್ಲೂ ನಂಬರ್ ಹಾಕಿತ್ತು.

ನಾನು ಕೇಳಿದೆ: “ರಾಯರೇ, ನೀವು ಕೌಂಟರಲ್ಲಿ ಕೂತಿದ್ದಾಗ ದುಡ್ಡಿಡೋಕೆ ಬಂದೋರು ಏನಂತ ಕೇಳ್ತಿದ್ರು?”

“ಎಫ್‌ಡಿ ಮಾಡಿಸ್ಬೇಕು ಸಾರ್ ಅಂತಿದ್ರು.”

“ನಿಮ್ಮ ತಲೆ ಮೇಲಿನ ಬೋರ್ಡಲ್ಲಿ ಏನಿತ್ತು?”

“ಅವಧಿ ಠೇವಣಿ.”

“ಅವಧಿ ಠೇವಣಿ ಮಾಡಿಸ್ಬೇಕು ಅಂತ ಎಷ್ಟು ಜನ ಬಂದಿದ್ರು?”

ಅವರು ನಕ್ಕರು. “ನನ್ನ ಸರ್ವಿಸಲ್ಲಿ ಒಬ್ರೂ ಇಲ್ಲ.” ಆಮೇಲೆ ಲೆಡ್ಜರಿನ ಹಾಳೆ ಹಿಂದಕ್ಕೂ ಮುಂದಕ್ಕೂ ತಿರುವಿ ಸುಮ್ಮನೆ ಕೂತರು. “ಹಂಗಾದ್ರೆ ನಾನು ಇಷ್ಟೂ ದಿನ ಬೋರ್ಡ್ ಬರೆದಿದೀನಿ” ಅಂದರು.

ಮೇಡಂ, ನಿಮ್ಮ ‘ಸಂಚಿಕೆ 38 - ಅಜ್ಜಿಯ ಕೈರುಚಿ’ ಕೂಡ ಬೋರ್ಡೇ. ನಿಮಗೆ ಅದರ ಹಿಂದೆ ಒಬ್ಬ ಅಜ್ಜಿ ಇದ್ದಾರೆ, ಒಂದು ಅಡುಗೆಮನೆ ಇದೆ. ಅರಸೀಕೆರೆಯಲ್ಲೋ ಬೆಂಗಳೂರಿನಲ್ಲೋ ಬೆಳಿಗ್ಗೆ ಆರೂವರೆಗೆ ಫೋನ್ ಹಿಡಿದು ನಿಂತವರಿಗೆ ಅದೊಂದೂ ಗೊತ್ತಿಲ್ಲ. ಅವರ ಬಾಯಲ್ಲಿರುವುದು ತಿಂಡಿಯ ಹೆಸರು, ಜೊತೆಗೆ ಆ ತಿಂಡಿಯಲ್ಲಿ ಅವರಿಗೆ ಆಗಿರುವ ತೊಂದರೆ. ಹುಡುಕಿದ ಮಾತಿಗೆ ನಿಮ್ಮ ಟೈಟಲ್, ಅದರ ಕೆಳಗಿನ ವಿವರಣೆ, ವಿಡಿಯೊದ ವಿಷಯ ಎಷ್ಟು ಹೊಂದುತ್ತವೆ ಎಂದು ಯೂಟ್ಯೂಬ್ ನೋಡುತ್ತದೆ. ಹೊಂದಲು ಅಲ್ಲಿ ಪದವೇ ಇಲ್ಲದಿದ್ದರೆ ಅದು ಏನು ಮಾಡೀತು? ಟ್ಯಾಗ್ ತುಂಬಿದರೆ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ಟ್ಯಾಗ್‌ಗೆ ಇರುವ ಪಾತ್ರ ತೀರಾ ಸಣ್ಣದು, ಮುಖ್ಯವಾಗಿ ಜನ ಕಾಗುಣಿತ ತಪ್ಪಿ ಬರೆಯುವ ಪದಗಳಿಗೆ ಉಪಯೋಗ ಅಂತ ಯೂಟ್ಯೂಬ್‌ನವರೇ ಬರೆದುಕೊಂಡಿದ್ದಾರೆ.

ನಾವು ಭಾಗ 23ನ್ನು ಕೈಗೆತ್ತಿಕೊಂಡೆವು. ಅದು ಅಕ್ಕಿ ರೊಟ್ಟಿ. ರಾಯರು ಅವತ್ತೇ ಮನೆಗೆ ಹೋಗಿ ‘ಅಕ್ಕಿ ರೊಟ್ಟಿ’ ಅಂತ ಎರಡೇ ಪದ ಬರೆದು ಫೋನ್ ಮಾಡಿದರು. ಎರಡು ವಾರಕ್ಕೆ ಹುಡುಕಿ ಬಂದವರು ಕಾಣಿಸಿಕೊಂಡರು, ನಿಜ. ಆದರೆ ಬಂದವರು ನಿಲ್ಲಲಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ವಿಡಿಯೊ ತೆರೆದು ಅನಾಲಿಟಿಕ್ಸ್‌ಗೆ ಹೋದರೆ 0:30ರ ಹೊತ್ತಿಗೆ ಎಷ್ಟು ಜನ ಇನ್ನೂ ನೋಡುತ್ತಿದ್ದರು ಅಂತ ಒಂದು ಗೆರೆ ತೋರಿಸುತ್ತದೆ. ಅವರ ಗೆರೆ ಅಲ್ಲಿ ಬಾವಿಗೆ ಬಿದ್ದಂತೆ ಬಿದ್ದಿತ್ತು.

ಕಾರಣ ಕಮೆಂಟಿನಲ್ಲೇ ಇತ್ತು. “ಈರುಳ್ಳಿ, ಸಬ್ಬಸಿಗೆ ಸೊಪ್ಪು ಯಾವಾಗ ಹಾಕೋದು?” ಬೆಂಗಳೂರು, ಮೈಸೂರು ಕಡೆಯವರಿಗೆ ಅಕ್ಕಿ ರೊಟ್ಟಿ ಅಂದರೆ ಈರುಳ್ಳಿ, ಹಸಿಮೆಣಸು, ಸೊಪ್ಪು ಹಾಕಿ ಕಾವಲಿ ಮೇಲೇ ತಟ್ಟುವ ದಪ್ಪ ರೊಟ್ಟಿ. ರಾಯರದು ನಿಮ್ಮ ಕಡೆಯ, ಸಕಲೇಶಪುರದ ಕಡೆಯ ರೊಟ್ಟಿ: ಉಪ್ಪು ಹಾಕಿದ ಕುದಿನೀರಿಗೆ ಹಿಟ್ಟು ಸುರಿದು ಉಕ್ಕರಿಸಿ, ಬಿಸಿಯಲ್ಲೇ ನಾದಿ, ತೆಳ್ಳಗೆ ಮಾಡಿ ಉಬ್ಬುವಂತೆ ಸುಡುವುದು. ಹೆಸರು ಒಂದು, ತಿಂಡಿ ಎರಡು. ಟೈಟಲ್ ಒಂದನ್ನು ಹೇಳಿ ವಿಡಿಯೊ ಇನ್ನೊಂದನ್ನು ತೋರಿಸಿದರೆ ಜನ ಎದ್ದು ಹೋಗುತ್ತಾರೆ. ಹಾಗೆ ಹೋದವರ ಲೆಕ್ಕವೂ ಯೂಟ್ಯೂಬ್ ಹತ್ತಿರ ಇರುತ್ತದೆ, ಮುಂದೆ ಆ ವಿಡಿಯೊವನ್ನು ತೋರಿಸಲು ಅದು ಹಿಂದೆಮುಂದೆ ನೋಡುತ್ತದೆ. ಟೈಟಲ್‌ಗೆ ಕರೆಯುವ ಕೆಲಸ ಇದ್ದ ಹಾಗೆ ಬೇಡದವರನ್ನು ಬಾಗಿಲಲ್ಲೇ ತಿಳಿಸಿ ಕಳಿಸುವ ಕೆಲಸವೂ ಇದೆ ಅನ್ನುವುದು ರಾಯರಿಗೆ ಅವತ್ತು ಅರ್ಥವಾಯಿತು.

ಮೂರನೆಯ ಸಲಕ್ಕೆ ಪದ ಹುಡುಕಲು ನಾವು ಎರಡು ಕಡೆ ಹೋದೆವು. ಒಂದು, ಯೂಟ್ಯೂಬ್‌ನ ಹುಡುಕುವ ಜಾಗ. ನಿಮ್ಮ ಖಾತೆಯಲ್ಲಿ ಹುಡುಕಿದರೆ ನಿಮ್ಮ ಹಳೆಯ ಹುಡುಕಾಟದ ನೆರಳು ಬೀಳುತ್ತದೆ. ಅದಕ್ಕೇ ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ತೆರೆದು, ತಿಂಡಿಯ ಹೆಸರು ಬರೆದು ಸುಮ್ಮನೆ ನಿಲ್ಲಿ. ಕೆಳಗೆ ಇಳಿಯುವ ಸಾಲುಗಳು ಜನ ನಿಜವಾಗಿ ಬರೆಯುವ ಮಾತುಗಳು. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಬರೆದು ನೋಡಿ, ಎರಡರ ಪಟ್ಟಿ ಬೇರೆ ಬರುತ್ತದೆ. ನಿಮ್ಮ ವಿಡಿಯೊದಲ್ಲಿ ಇಲ್ಲದ ಸಾಲನ್ನು ಎಷ್ಟೇ ಆಸೆಯಾದರೂ ತೆಗೆದುಕೊಳ್ಳಬೇಡಿ.

ಇನ್ನೊಂದು, ಬಾಯಿಮಾತು. ರಾಯರು ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ತರುವಾಗ ಪಕ್ಕದಲ್ಲಿ ನಿಂತ ಹೆಂಗಸರನ್ನು ನೇರವಾಗಿ ಕೇಳಿಬಿಟ್ಟರಂತೆ, “ಅಮ್ಮಾ, ಅಕ್ಕಿ ರೊಟ್ಟಿಲಿ ನಿಮಗೆ ಯಾವುದು ಕಷ್ಟ?” ಮೂವರಲ್ಲಿ ಇಬ್ಬರ ಉತ್ತರ ಒಂದೇ: “ಅಂಚು ಒಡೆಯುತ್ತೆ.” ಅದಕ್ಕೆ ಪರಿಹಾರ ಅವರ ವಿಡಿಯೊದಲ್ಲೇ ಇತ್ತು. ಹಿಟ್ಟು ಸುರಿದ ಮೇಲೆ ಉರಿ ಸಣ್ಣ ಮಾಡಿ, ಕೈಯಾಡಿಸದೆ ತಟ್ಟೆ ಮುಚ್ಚಿ ಬೇಯಿಸುವುದು, ಕೈ ತಾಳುವಷ್ಟು ಬಿಸಿ ಇರುವಾಗಲೇ ನೀರು ಮುಟ್ಟಿಸಿಕೊಂಡು ನಾದುವುದು, ನಾದಿದ ಉಂಡೆಗೆ ಒದ್ದೆ ಬಟ್ಟೆ ಮುಚ್ಚುವುದು. ಆರಿ ಒಣಗಿದ ಹಿಟ್ಟೇ ಅಂಚಿನಲ್ಲಿ ಬಿರಿಯುವುದು. ಇಷ್ಟು ಒಳ್ಳೆಯ ಮಾತು ‘ಬೆಳಗಿನ ತಿಂಡಿ’ ಎಂಬ ಮುಚ್ಚಳದ ಅಡಿ ಕೂತಿತ್ತು.

ಕೊನೆಗೆ ನಿಂತ ಟೈಟಲ್ ಇದು:

```
ಅಕ್ಕಿ ರೊಟ್ಟಿ ಅಂಚು ಒಡೆಯದಂತೆ: ಉಕ್ಕರಿಸಿದ ಮಲೆನಾಡು ರೊಟ್ಟಿ | Akki Rotti
```

ಮೊದಲು ತಿಂಡಿಯ ಹೆಸರು, ಕೂಡಲೇ ನೋಡುವವರ ಕಷ್ಟ, ಆಮೇಲೆ ಯಾವ ಬಗೆಯ ರೊಟ್ಟಿ ಅನ್ನುವುದು. ಈರುಳ್ಳಿ ರೊಟ್ಟಿ ಬೇಕಾದವರು ‘ಉಕ್ಕರಿಸಿದ’ ಅನ್ನುವುದನ್ನು ಓದಿ ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ. ಬಾಲದಲ್ಲಿ ಇಂಗ್ಲಿಷ್ ಅಕ್ಷರದ ಹೆಸರು, ಏಕೆಂದರೆ ಕನ್ನಡ ಓದುವ ಎಷ್ಟೋ ಜನ ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಂಡಿರುವುದಿಲ್ಲ.

ಕನ್ನಡವೋ ಇಂಗ್ಲಿಷೋ ಅಂದಿರಲ್ಲ, ನಾನು ಹೇಳುವುದು ಹೀಗೆ: ಮಾತಾಡುವುದು ಕನ್ನಡದಲ್ಲಿ, ಓದುವವರು ಕನ್ನಡದವರು, ಹಾಗಾಗಿ ತಲೆ ಕನ್ನಡದ್ದಿರಲಿ, ತಿಂಡಿಯ ಹೆಸರನ್ನು ಮಾತ್ರ ಕೊನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಲ ಬರೆಯಿರಿ. ಕಾಗುಣಿತದ ಬೇರೆ ರೂಪಗಳಿದ್ದರೆ (‘ರೊಟ್ಟಿ’ಗೆ `roti`, ಹೀಗೆ) ಅವನ್ನು ವಿವರಣೆಯ ಮೊದಲ ಸಾಲುಗಳಲ್ಲಿ ಒಂದು ಸಹಜ ವಾಕ್ಯದೊಳಗೆ ಸೇರಿಸಿ.

ಜಾಗದ ವಿಷಯದಲ್ಲಿ ಕನ್ನಡಕ್ಕೆ ಒಂದು ತೊಡಕಿದೆ, ಇದನ್ನು ನನಗಿಂತ ಮೊದಲು ಕಂಡುಹಿಡಿದವರು ರಾಯರೇ. ಟೈಟಲ್‌ಗೆ 100 ಅಕ್ಷರದ ಮಿತಿ. ‘ಅಕ್ಕಿ ರೊಟ್ಟಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರು ಕ, ಅರ್ಧಚಿಹ್ನೆ, ಮತ್ತೆ ಕ, ಗುಡಿಸು ಅಂತ ಬಿಡಿಬಿಡಿಯಾಗಿ ಎಣಿಸುತ್ತದೆ, ನಡುವಿನ ಖಾಲಿ ಜಾಗವೂ ಸೇರಿ 12 ಆಗುತ್ತದೆ. ಒತ್ತಕ್ಷರ ಹೆಚ್ಚಿದಷ್ಟೂ ಮಿತಿ ಬೇಗ ತುಂಬುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೋನಿನಲ್ಲಿ ಉದ್ದ ಟೈಟಲ್‌ನ ಬಾಲ ಕತ್ತರಿಸಿ ಮೂರು ಚುಕ್ಕೆ ಬೀಳುತ್ತದೆ. ತಿಂಡಿಯ ಹೆಸರು ಆ ಚುಕ್ಕೆಯ ಆಚೆ ಹೋದರೆ ಬರೆದೂ ಬರೆಯದ ಹಾಗೆ. ಸಂಚಿಕೆ ನಂಬರು ಬೇಕೇ ಬೇಕು ಅನಿಸಿದರೆ ವಿವರಣೆಯ ಕೊನೆಯಲ್ಲಿ ಬರೆದುಕೊಳ್ಳಿ. ರಾಯರು ಈಗಲೂ ಲೆಡ್ಜರಿನಲ್ಲಿ ಬರೆಯುತ್ತಾರೆ.

ಹೊಸ ಟೈಟಲ್‌ನಿಂದ ಆದದ್ದೇನು ಅಂದರೆ, ಮೊದಲ ವಾರ ಏನೂ ಆಗಲಿಲ್ಲ. ಮೂರನೆಯ ವಾರ ಹುಡುಕಿ ಬರುವವರು ದಿನಕ್ಕೆ ಐದಾರು ಮಂದಿಯಾದರು, ಮುಖ್ಯವಾಗಿ ಅವರು ಕೊನೆಯವರೆಗೂ ನೋಡಿದರು. ಆಮೇಲೆ ಯೂಟ್ಯೂಬ್ ಅದನ್ನು ಬೇರೆ ರೊಟ್ಟಿ ವಿಡಿಯೊಗಳ ಪಕ್ಕದಲ್ಲಿ ತೋರಿಸತೊಡಗಿತು. ನಾಲ್ಕು ತಿಂಗಳಿಗೆ ಆ ಒಂದು ವಿಡಿಯೊ ಉಳಿದ ಮೂವತ್ತನ್ನೂ ಸೇರಿಸಿದ್ದಕ್ಕಿಂತ ಹೆಚ್ಚು ಜನರನ್ನು ಕಂಡಿತ್ತು. ಕಮೆಂಟಿನಲ್ಲಿ ಒಬ್ಬಾಕೆ “ಹಿಂದಿನಿಂದ ಹೇಳ್ತಿರೋ ಅಮ್ಮನಿಗೆ ನಮಸ್ಕಾರ, ನಂದೂ ಉಬ್ತು” ಅಂತ ಬರೆದಿದ್ದರು. ರಾಯರು ಅದನ್ನು ಮನೆಯವರಿಗೆ ಎರಡು ಸಲ ಓದಿ ಹೇಳಿದರಂತೆ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು, ಆದರೆ ಟೈಟಲ್‌ನ ಶಕ್ತಿ ಕಂಡವರಿಗೆ ಬರುವ ಆಸೆ ಅವರಿಗೂ ಬಂತು. ಬಂಧುವೊಬ್ಬರ ಮಾತು ಕೇಳಿ ಹುರುಳಿಕಾಳಿನ ಸಾರಿನ ವಿಡಿಯೊಗೆ ‘ಇದನ್ನು ಕುಡಿದರೆ ಶುಗರ್ ಮಾಯ’ ಅಂತ ಬರೆದರು. ವೀಕ್ಷಣೆ ಏರಿತು. ಮೂರನೆಯ ದಿನ ಒಬ್ಬರು ಕೇಳಿದರು: “ಸಾರ್, ಮಾತ್ರೆ ನಿಲ್ಲಿಸಬಹುದಾ?” ರಾಯರು ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಅಲ್ಲೇ ಟೈಟಲ್ ತೆಗೆಸಿದೆ, ಆ ಕಮೆಂಟಿಗೆ “ಮಾತ್ರೆ ನಿಲ್ಲಿಸಬೇಡಿ, ನಾನು ಬರೆದದ್ದು ತಪ್ಪು, ಡಾಕ್ಟರನ್ನು ಕೇಳಿ” ಅಂತ ಉತ್ತರ ಬರೆಸಿದೆ. ವಿಡಿಯೊದಲ್ಲಿ ಇಲ್ಲದ್ದನ್ನು ಟೈಟಲ್‌ನಲ್ಲಿ ಹೇಳುವುದು ಯೂಟ್ಯೂಬ್ ನಿಯಮಕ್ಕೂ ವಿರುದ್ಧ, ವಿಡಿಯೊ ಕಿತ್ತುಹಾಕಬಹುದು. ಆದರೆ ಅವರ ನಿದ್ದೆ ಕೆಡಿಸಿದ್ದು ನಿಯಮ ಆಗಿರಲಿಲ್ಲ. ಮೇಡಂ, ನಿಮ್ಮ ಪಟ್ಟಿಯಲ್ಲಿ ‘ತೂಕ ಇಳಿಸುವ ಕಷಾಯ’ ಅಂತ ಒಂದಿದೆ. ಅದನ್ನು ಇವತ್ತೇ ‘ಶುಂಠಿ, ಜೀರಿಗೆ ಕಷಾಯ’ ಅಂತ ಬದಲಿಸಿ. ಉಳಿದದ್ದಕ್ಕೆ ಅವಸರವಿಲ್ಲ, ಇದಕ್ಕೆ ಇದೆ.

ನಿಮ್ಮ ಮುಂದೆ ಎರಡು ದಾರಿ ಇವೆ. 46 ಟೈಟಲ್‌ಗಳನ್ನೂ ಒಂದೇ ದಿನ ಬದಲಿಸಬಹುದು. ಕೆಲಸ ಬೇಗ ಮುಗಿಯುತ್ತದೆ, ಆದರೆ ಯಾವ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದಿಲ್ಲ, ತಪ್ಪೂ ಒಂದೇ ಸಲಕ್ಕೆ 46 ಆಗುತ್ತದೆ. ನಾನು ಹೇಳುವುದು ಮೂರನ್ನು ಆರಿಸಿ, ಬದಲಿಸುವ ಮುನ್ನ ಇರುವ ಅಂಕಿ ಬರೆದಿಟ್ಟುಕೊಳ್ಳಿ, ಬದಲಿಸಿ, ಮೂರು ವಾರ ಮುಟ್ಟಬೇಡಿ. ನಡುವೆ ಥಂಬ್‌ನೇಲ್ ಕೂಡ ಬದಲಿಸಿದರೆ ಯಾವುದರ ಫಲ ಯಾವುದು ಅಂತ ಗೊತ್ತಾಗುವುದಿಲ್ಲ.

ಮೂರು ವಾರ ಆದಮೇಲೆ ಸ್ಟುಡಿಯೊದಲ್ಲಿ ಎರಡು ಅಂಕಿ ನೋಡಿ. `Impressions` ಅನ್ನುವುದು ನಿಮ್ಮ ಥಂಬ್‌ನೇಲ್ ಜನರ ಕಣ್ಣಿಗೆ ಎಷ್ಟು ಸಲ ಬಿತ್ತು ಅನ್ನುವ ಲೆಕ್ಕ. ಅದರ ಅರ್ಧ ಭಾಗವಾದರೂ ತೆರೆಯ ಮೇಲೆ ಒಂದು ಸೆಕೆಂಡಿಗಿಂತ ಹೆಚ್ಚು ಇದ್ದರೆ ಒಂದು ಅಂತ ಎಣಿಸುತ್ತಾರೆ. `Impressions click-through rate` ಅನ್ನುವುದು ಕಂಡವರಲ್ಲಿ ನೂರಕ್ಕೆ ಎಷ್ಟು ಜನ ಒತ್ತಿದರು ಅನ್ನುವುದು. ಅರ್ಧದಷ್ಟು ಚಾನೆಲ್‌ಗಳಲ್ಲಿ ಇದು 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ಹೇಳುತ್ತದೆ.

ಮೊದಲನೆಯದೇ ಬಹಳ ಕಡಿಮೆ ಇದ್ದರೆ ಹುಡುಕುವವರ ಪದ ಇನ್ನೂ ನಿಮ್ಮ ಟೈಟಲ್‌ನಲ್ಲಿಲ್ಲ ಅಥವಾ ಆ ತಿಂಡಿಯನ್ನು ಹುಡುಕುವವರೇ ಕಡಿಮೆ. ಕಂಡೂ ಒತ್ತುತ್ತಿಲ್ಲ ಅಂದರೆ ಪದ ಸರಿ, ಆದರೆ ಟೈಟಲ್ ಅಥವಾ ಚಿತ್ರ ಅವರನ್ನು ಸೆಳೆಯುತ್ತಿಲ್ಲ. ಒತ್ತಿ ಅರ್ಧ ನಿಮಿಷದಲ್ಲಿ ಹೋಗುತ್ತಿದ್ದಾರೆ ಅಂದರೆ ರಾಯರ ಎರಡನೆಯ ಟೈಟಲ್‌ಗೆ ಆದದ್ದೇ ನಿಮಗೂ ಆಗಿದೆ, ಇಲ್ಲವೇ ನಿಮ್ಮ ಆರಂಭದ ಮಾತು ಉದ್ದವಾಗಿದೆ. ನಿಮ್ಮದು ಉದ್ದವೇ ಇದೆ, ಮೇಡಂ. ನಮಸ್ಕಾರ, ಹಬ್ಬದ ಶುಭಾಶಯ, ಅಜ್ಜಿಯ ನೆನಪು ಎಲ್ಲ ಮುಗಿದು ಬಾಣಲೆ ಕಾಣುವುದು ಒಂದು ನಿಮಿಷ ನಲವತ್ತು ಸೆಕೆಂಡಿಗೆ. ಅಜ್ಜಿಯ ಮಾತು ಒಗ್ಗರಣೆ ಹಾಕುತ್ತಾ ಹೇಳಿ, ಕೇಳಲು ಇನ್ನೂ ಚೆನ್ನಾಗಿರುತ್ತದೆ. ಟೈಟಲ್ ಜನರನ್ನು ಬಾಗಿಲವರೆಗೆ ತರುತ್ತದೆ, ಈ ಒಂದು ನಿಮಿಷ ನಲವತ್ತು ಸೆಕೆಂಡನ್ನು ಅದು ಸರಿಮಾಡಲಾರದು.

ಹುಡುಕಿ ಬಂದವರು ಏನು ಬರೆದು ಬಂದರು ಅನ್ನುವುದನ್ನೂ ಸ್ಟುಡಿಯೊ ತೋರಿಸುತ್ತದೆ, `YouTube search` ಒಳಗೆ. ನಾಲ್ಕು ಜನ ಬಂದ ಮೇಲೆ ಆ ಪಟ್ಟಿ ನೋಡಿ, ಮುಂದಿನ ವಿಡಿಯೊ ಯಾವುದು ಮಾಡಬೇಕು ಅನ್ನುವುದೂ ಅಲ್ಲಿರುತ್ತದೆ. ರಾಯರ ಪಟ್ಟಿಯಲ್ಲಿ ಯಾರೋ ‘ಒತ್ತು ಶಾವಿಗೆ ಗಟ್ಟಿ ಯಾಕೆ’ ಅಂತ ಬರೆದಿದ್ದರು. ಅವರ ಮುಂದಿನ ವಿಡಿಯೊ ಅದೇ ಆಯಿತು: ಉಂಡೆ ಆರಿದ ಮೇಲೆ ಒತ್ತಿದರೆ ಒರಳಿನಲ್ಲಿ ಇಳಿಯುವುದಿಲ್ಲ, ಬಿಸಿಯಲ್ಲೇ ಒತ್ತಬೇಕು, ಅಷ್ಟೇ ವಿಷಯ.

ನಿಮ್ಮ ಮೂರರಲ್ಲಿ ಮೊದಲನೆಯದಾಗಿ ‘ಸಂಚಿಕೆ 38 - ಅಜ್ಜಿಯ ಕೈರುಚಿ’ಯನ್ನು ಆರಿಸಿಕೊಳ್ಳಿ. ಅದು ಪತ್ರೊಡೆ ಅಂತ ತಿಳಿಯಲು ನಾನು ಎರಡು ನಿಮಿಷ ನೋಡಬೇಕಾಯಿತು. ಕೆಸುವಿನ ಎಲೆ ಅಂದರೆ ಎಲ್ಲರಿಗೂ ಇರುವ ಹೆದರಿಕೆ ಗಂಟಲ ತುರಿಕೆ. ಅದಕ್ಕೆ ಹುಣಸೆಹಣ್ಣು ಎಷ್ಟು, ಎಲೆಯ ನಾರು ಹೇಗೆ ತೆಗೆಯಬೇಕು, ಎಷ್ಟು ಹೊತ್ತು ಹಬೆಯಲ್ಲಿ ಬೇಯಬೇಕು ಅನ್ನುವುದನ್ನು ನೀವು ಆರನೆಯ ನಿಮಿಷದಲ್ಲಿ ಬಹಳ ಚೆನ್ನಾಗಿ ತೋರಿಸಿದ್ದೀರಿ. ನಾನಾದರೆ ಹೀಗೆ ಬರೆಯುತ್ತೇನೆ:

```
ಪತ್ರೊಡೆ ಗಂಟಲು ತುರಿಸದಂತೆ: ಕೆಸುವಿನ ಎಲೆ ನಾರು ತೆಗೆದು ಬೇಯಿಸುವ ಕ್ರಮ | Pathrode
```

ಮಳೆ ಹಿಡಿದು ಕೆಸು ಎಲೆ ಬಿಟ್ಟಾಗ ಜನ ಇದನ್ನು ಹುಡುಕುತ್ತಾರೆ. ಅದಕ್ಕೆ ಮೂರು ವಾರ ಮೊದಲೇ, ಅಂದರೆ ಮೇ ಕೊನೆಯೊಳಗೆ, ಬದಲಿಸಿಡಿ. ಆಷಾಢ ಬಂದಾಗ `YouTube search` ಪಟ್ಟಿಯ ಫೋಟೊ ತೆಗೆದು ನನಗೆ ಕಳಿಸಿ, ಎರಡನೆಯ ವಿಡಿಯೊದ ಟೈಟಲನ್ನು ಆಗ ಅದನ್ನು ಮುಂದಿಟ್ಟುಕೊಂಡು ಬರೆಯೋಣ.